ನಿಮ್ಮ ಡೈನಿಂಗ್ ಟೇಬಲ್ ತಡವಾಗುತ್ತಿದೆ, ಹೊಸ ದಿನ ಡಿಸೆಂಬರ್ 2

ಮೈಸೂರು, ನವೆಂಬರ್ 6

ಗೀತಾ ಮೇಡಂ ಅವರಿಗೆ ನಮಸ್ಕಾರ.

ನೀವು ಆರ್ಡರ್ ಮಾಡಿದ್ದ ಆರು ಕುರ್ಚಿಯ ರಬ್ಬರ್ ಮರದ ಡೈನಿಂಗ್ ಟೇಬಲ್ ಇದೇ 8ಕ್ಕೆ ಮಂಡ್ಯದ ನಿಮ್ಮ ಹೊಸ ಮನೆಗೆ ಬರಬೇಕಿತ್ತು. ಅದು ಆಗುತ್ತಿಲ್ಲ. 14ಕ್ಕೆ ಗೃಹಪ್ರವೇಶ ಇಟ್ಟುಕೊಂಡಿದ್ದೀರಿ ಅಂತ ಗೊತ್ತಿದ್ದೂ ಈ ಮಾತು ಹೇಳಬೇಕಾಗಿ ಬಂತು. ದಯವಿಟ್ಟು ಕ್ಷಮಿಸಿ.

ಟೇಬಲ್ ಸಿದ್ಧವಾಗಿ ಅಕ್ಟೋಬರ್ 17ಕ್ಕೇ ಮಲೇಷ್ಯಾದ ಕಾರ್ಖಾನೆಯಿಂದ ಹೊರಟಿದೆ. ತೊಂದರೆ ಆಗಿರುವುದು ಅಲ್ಲಿನ ಬಂದರಿನಲ್ಲಿ. ಕಬ್ಬು ಅರೆಯುವ ಕಾಲಕ್ಕೆ ನಿಮ್ಮೂರ ಸಕ್ಕರೆ ಕಾರ್ಖಾನೆ ಮುಂದೆ ಗಾಡಿಗಳು ಸಾಲಾಗಿ ನಿಲ್ಲುತ್ತವಲ್ಲ, ಹಾಗೆ ಹಡಗುಗಳು ಕಾಯುತ್ತಾ ನಿಂತಿವೆ. ದಡಕ್ಕೆ ಕಟ್ಟಲು ಜಾಗವಿಲ್ಲ, ಇಳಿಸಿದ ಕಂಟೇನರ್ ಇಡಲು ಯಾರ್ಡಿನಲ್ಲೂ ಜಾಗವಿಲ್ಲ. ಹೊತ್ತು ಮೀರಿದ್ದರಿಂದ ನಮ್ಮ ಹಡಗು ಕೆಲವು ಕಂಟೇನರ್‌ಗಳನ್ನು ಬಿಟ್ಟು ಹೊರಟಿತು. ನಮ್ಮದೂ ಅದರಲ್ಲಿ ಸೇರಿತ್ತು. ಶಿಪ್ಪಿಂಗ್ ಏಜೆಂಟರು ನಿನ್ನೆ ಸಂಜೆ ಇದನ್ನು ಖಚಿತಪಡಿಸಿದರು.

ಈಗ 15ನೇ ತಾರೀಖಿನ ಹಡಗಿನಲ್ಲಿ ಜಾಗ ಸಿಕ್ಕಿದೆ. ಚೆನ್ನೈಗೆ ಸುಮಾರು ಒಂದು ವಾರ. ಅಲ್ಲಿಂದ ರೈಲಿನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋ, ಕಸ್ಟಮ್ಸ್, ಆಮೇಲೆ ಲಾರಿಯಲ್ಲಿ ನಮ್ಮ ಗೋಡೌನ್. ಎಲ್ಲ ಲೆಕ್ಕ ಹಾಕಿ, ಎರಡು ದಿನ ಜಾಸ್ತಿಯೇ ಇಟ್ಟುಕೊಂಡು, ಡಿಸೆಂಬರ್ 2, ಮಂಗಳವಾರ ನಿಮ್ಮ ಮನೆಗೆ ತಂದು ಜೋಡಿಸಿ ಕೊಡುತ್ತೇವೆ. ಸುಮ್ನೆ ಸಮಾಧಾನಕ್ಕೆ ಹತ್ತಿರದ ದಿನ ಹೇಳಿ ಮತ್ತೆ ನಿಮ್ಮನ್ನು ಕಾಯಿಸುವುದು ನನಗೆ ಇಷ್ಟವಿಲ್ಲ. ಹಡಗು ಹೊರಟ ದಿನ ನಾನೇ ಫೋನ್ ಮಾಡುತ್ತೇನೆ. ದಿನ ಮತ್ತೆ ಬದಲಾಗುವ ಹಾಗಿದ್ದರೆ ಅದನ್ನೂ ಅವತ್ತೇ ಹೇಳುತ್ತೇನೆ.

ಗೃಹಪ್ರವೇಶದ ದಿನ ಅತ್ತೆಯವರಿಗೆ ಕೆಳಗೆ ಕೂತು ಊಟ ಮಾಡಲು ಆಗುವುದಿಲ್ಲ, ಅದಕ್ಕೇ ಟೇಬಲ್ ಬೇಗ ಬೇಕು ಅಂದಿದ್ದಿರಿ ಅಲ್ವಾ? ಅದು ನೆನಪಿದೆ. ನಮ್ಮ ಶೋರೂಮಿನಲ್ಲಿ ಇಟ್ಟಿರುವ ತೇಗದ ಟೇಬಲ್ಲು, ಆರು ಕುರ್ಚಿ 12ನೇ ತಾರೀಖು ನಿಮ್ಮ ಮನೆಗೆ ಕಳಿಸುತ್ತೇನೆ. ನಿಮ್ಮದು ಬರುವ ತನಕ ಅದು ಅಲ್ಲೇ ಇರಲಿ. ಬಾಡಿಗೆ, ಗಾಡಿ ಖರ್ಚು ಏನೂ ಕೊಡಬೇಡಿ. ಎಲೆ ಹಾಕಿ ಬಡಿಸುವಾಗ ಕಲೆಯಾದರೂ ಚಿಂತೆಯಿಲ್ಲ, ಪಾಲಿಶ್ ನಾವು ಮಾಡಿಕೊಳ್ಳುತ್ತೇವೆ.

ಅಷ್ಟು ದಿನ ಕಾಯಲು ಆಗುವುದಿಲ್ಲ ಅನ್ನಿಸಿದರೆ ಆರ್ಡರ್ ರದ್ದು ಮಾಡಬಹುದು. ನೀವು ಕೊಟ್ಟ 15,000 ರೂಪಾಯಿ ಮುಂಗಡ ಪೂರ್ತಿ ವಾಪಸ್ ಬರುತ್ತದೆ, ಮೂರು ದಿನದೊಳಗೆ. ಆಗಲೂ ಗೃಹಪ್ರವೇಶಕ್ಕೆ ತೇಗದ ಟೇಬಲ್ ಕಳಿಸುತ್ತೇನೆ.

ಡಿಸೆಂಬರ್ 2 ನಿಮಗೆ ಆಗುತ್ತದಾ, 12ಕ್ಕೆ ಮನೆಯಲ್ಲಿ ಯಾರಿರುತ್ತಾರೆ, ಇವೆರಡನ್ನು 10ನೇ ತಾರೀಖಿನೊಳಗೆ ತಿಳಿಸಿ. ಬಿಲ್ಲಿನ ಮೇಲಿರುವ ನಂಬರಿಗೆ ಫೋನ್ ಮಾಡಿದರೆ ನಾನೇ ಸಿಗುತ್ತೇನೆ.

ಇಂತಿ,
ಮಹೇಶ್
ಫರ್ನಿಚರ್ ಅಂಗಡಿ, ದಿವಾನ್ಸ್ ರಸ್ತೆ, ಮೈಸೂರು