ಒಂಟಿಕಾಲು

ಮೂವತ್ತೈದು ವರ್ಷ ಮಕ್ಕಳಿಗೆ ‘ನೆಟ್ಟಗೆ ನಿಲ್ಲಿ’ ಎಂದು ಗದರಿಸಿದ್ದ ವಿಶಾಲಾಕ್ಷಮ್ಮನವರು, ಮೈಸೂರಿನ ಉದ್ಯಾನವೊಂದರಲ್ಲಿ ಬೆಳಗಿನ ಆರು ಗಂಟೆಗೆ, ಸೀರೆಯ ಬದಲು ಸೊಸೆಯ ಚೂಡಿದಾರ್ ತೊಟ್ಟು, ಯಾರ ಕಣ್ಣಿಗೂ ಬೀಳದಂತೆ ಕೊನೆಯ ಸಾಲಿನಲ್ಲಿ ಚಾಪೆ ಹಾಸಿದರು. ಪಾದಹಸ್ತಾಸನದಲ್ಲಿ ಅವರ ಬೆರಳುಗಳು ಮೊಣಕಾಲಿನಿಂದ ಕೆಳಗಿಳಿಯಲು ಒಪ್ಪಲಿಲ್ಲ; ವೃಕ್ಷಾಸನದಲ್ಲಂತೂ ಒಂಟಿಕಾಲಿನ ಮೇಲೆ ಕ್ಷಣಕಾಲ ತೂಗಾಡಿ, ಪಕ್ಕದಲ್ಲಿದ್ದ ಅಪರಿಚಿತ ಮಹಿಳೆಯ ಭುಜವನ್ನೇ ಹಿಡಿದುಬಿಟ್ಟರು. ಇದೇ ಭಂಗಿಯನ್ನು ಶಿಕ್ಷೆಯೆಂದು ಅವರು ಎಷ್ಟು ಮಕ್ಕಳಿಗೆ ಕೊಟ್ಟಿದ್ದರೋ, ಲೆಕ್ಕವಿಲ್ಲ.

“ಉಸಿರು ಬಿಗಿಹಿಡಿಯಬೇಡಿ, ಟೀಚರ್,” ಎಂದ ಯೋಗ ಶಿಕ್ಷಕ.

ಆ ಕರೆಗೆ ಬೆಚ್ಚಿದ ಅವರು, ಕನ್ನಡಕವಿಲ್ಲದ ಕಣ್ಣುಗಳನ್ನು ಕಿರಿದಾಗಿಸಿ ಅವನನ್ನು ದಿಟ್ಟಿಸಿದರು. “ನೀನು ಏಳನೇ ತರಗತಿಯ ಕೊನೆಯ ಬೆಂಚಿನವನಲ್ಲವೇ?”

“ಹೌದು ಟೀಚರ್. ಈಗ ದಯವಿಟ್ಟು ಇನ್ನೊಂದು ಕಾಲು ಎತ್ತಿ.”