ಫ್ರಂಟ್ ಆಫೀಸ್ ಕೆಲಸಕ್ಕೆ ಅರ್ಜಿ

ಉಡುಪಿ
12 ಮೇ 2026

ಇವರಿಂದ,
ಸುಮನಾ ಪೂಜಾರಿ
ಅಂಬಲಪಾಡಿ, ಉಡುಪಿ

ಇವರಿಗೆ,
ವ್ಯವಸ್ಥಾಪಕರು
ಹೋಟೆಲ್ ಪಡುಬೆಳಕು
ಮಣಿಪಾಲ

ವಿಷಯ: ಫ್ರಂಟ್ ಆಫೀಸ್ ಸಹಾಯಕಿ ಹುದ್ದೆಗೆ ಅರ್ಜಿ

ಮಾನ್ಯರೇ,

ನಿಮ್ಮ ಹೋಟೆಲ್‌ನ ರಿಸೆಪ್ಷನ್‌ಗೆ ನಾಲ್ಕಾರು ಭಾಷೆ ಬರುವ, ರಾತ್ರಿ ಪಾಳಿಗೂ ಒಪ್ಪುವ ಒಬ್ಬರು ಬೇಕು ಎಂದು ಹಾಕಿದ ಬೋರ್ಡ್ ನೋಡಿ ಈ ಅರ್ಜಿ ಬರೆಯುತ್ತಿದ್ದೇನೆ. ನಾನು ಬೈಂದೂರಿನವಳು, ಕುಂದಾಪುರದಲ್ಲಿ ಬಿ.ಕಾಂ. ಮುಗಿಸಿದ್ದೇನೆ. 2021ರಿಂದ ಕೊಲ್ಲೂರಿನ ಒಂದು ವಸತಿಗೃಹದಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಿದ್ದೇನೆ. ಮದುವೆಯಾಗಿ ಉಡುಪಿಗೆ ಬಂದ ಮೇಲೆ ಅಷ್ಟು ದೂರದ ಓಡಾಟ, ಅದರಲ್ಲೂ ರಾತ್ರಿ ಪಾಳಿ ಇದ್ದಾಗ, ಕಷ್ಟವಾಗುತ್ತಿದೆ. ಕೆಲಸ ಬದಲಿಸಲು ಇದೊಂದೇ ಕಾರಣ. ಈಗಿನ ಮಾಲೀಕರಿಗೂ ಇದನ್ನು ಹೇಳಿದ್ದೇನೆ, ಅವರು ಕೊಟ್ಟ ಪತ್ರ ಜೊತೆಗಿದೆ.

ಕೊಲ್ಲೂರಿಗೆ ಬರುವವರಲ್ಲಿ ಕೇರಳದವರು ಎಷ್ಟು ಜಾಸ್ತಿ ಎಂದು ನಿಮಗೆ ಗೊತ್ತೇ ಇದೆ. ನನ್ನ ಮಲಯಾಳಂ ಪೂರ್ತಿ ಅವರಿಂದಲೇ ಬಂದದ್ದು. ಸರಾಗವಾಗಿ ಮಾತಾಡುತ್ತೇನೆ, ಬೋರ್ಡು, ಹೆಸರು, ವಿಳಾಸ ಓದುತ್ತೇನೆ. ಪತ್ರ ಬರೆಯುವಷ್ಟು ಬರುವುದಿಲ್ಲ. ಮನೆಮಾತು ಕುಂದಾಪ್ರ ಕನ್ನಡ. ಗಂಡನ ಮನೆಯಲ್ಲಿ ತುಳು, ಹಾಗಾಗಿ ಅದೂ ಈಗ ದಿನಾ ನಾಲಿಗೆಯ ಮೇಲಿದೆ. ಹಿಂದಿ ಮತ್ತು ಇಂಗ್ಲಿಷಿನಲ್ಲಿ ಚೆಕ್-ಇನ್‌ನಿಂದ ಬಿಲ್ಲಿನ ತಕರಾರಿನವರೆಗೆ ಎಲ್ಲವನ್ನೂ ನಿಭಾಯಿಸುತ್ತೇನೆ, ಇಂಗ್ಲಿಷಿನಲ್ಲಿ ಇಮೇಲ್ ಉತ್ತರವನ್ನೂ ಬರೆಯುತ್ತೇನೆ. ಬೈಂದೂರಿನ ಅಕ್ಕಪಕ್ಕದ ಮನೆಗಳಿಂದ ಕೊಂಕಣಿ ಅರ್ಥವಾಗುತ್ತದೆ, ಚಿಕ್ಕ ಮಾತಿಗೆ ಉತ್ತರ ಕೊಡಬಲ್ಲೆ. ತಮಿಳು ಕೇಳಿದರೆ ತಿಳಿಯುತ್ತದೆ, ಮಾತು ತಡವರಿಸುತ್ತದೆ. ತೆಲುಗು ಬರುವುದಿಲ್ಲ. ತೆಲುಗಿನವರು ಬಂದು ಹಿಂದಿಯೂ ನಡೆಯದಿದ್ದರೆ ಬಾಡಿಗೆ, ಚೆಕ್-ಔಟ್ ಸಮಯ, ರೂಮ್ ನಂಬರು ಮೂರನ್ನೂ ಕಾಗದದಲ್ಲಿ ಬರೆದು ಎದುರಿಗಿಟ್ಟು, ಅವರು ತಲೆಯಾಡಿಸಿದ ಮೇಲೆಯೇ ಕೀ ಕೊಡುತ್ತೇನೆ. ಬರದ ಭಾಷೆಯನ್ನು ಬರುತ್ತದೆ ಎಂದು ಹೇಳಿದರೆ ಅತಿಥಿಗೇ ತೊಂದರೆ, ಅದಕ್ಕೆ ಇಷ್ಟು ಬಿಡಿಸಿ ಬರೆದೆ.

ಸ್ವಾಗತ ಹೇಳುವುದಕ್ಕೆ, ನಗುವುದಕ್ಕೆ ಒಂದೇ ಭಾಷೆ ಸಾಕಾಗುತ್ತದೆ. ರೂಮ್ ಇಲ್ಲ ಎನ್ನಬೇಕಾದಾಗ, ಹಣ ವಾಪಸ್ ಬರಲು ತಡವಾಗುತ್ತದೆ ಎನ್ನಬೇಕಾದಾಗ ಅವರವರ ಭಾಷೆ ಬೇಕು. ನವರಾತ್ರಿಯಲ್ಲಿ ಇದನ್ನು ಪ್ರತಿ ವರ್ಷ ನೋಡುತ್ತೇನೆ. ವಿಜಯದಶಮಿಗೆ ಮಕ್ಕಳಿಗೆ ವಿದ್ಯಾರಂಭ ಮಾಡಿಸಲು ಬರುವವರಿಂದ ಊರು ತುಂಬಿರುತ್ತದೆ. ಬೈಂದೂರು ಸ್ಟೇಷನ್‌ನಲ್ಲಿ ಹೊತ್ತಲ್ಲದ ಹೊತ್ತಿಗೆ ಇಳಿದು, ಮಗುವನ್ನು ಹೆಗಲಿಗೆ ಹಾಕಿಕೊಂಡು, ಸುಮಾರು 28 ಕಿ.ಮೀ. ದಾಟಿ ಬಂದಿರುತ್ತಾರೆ.

ಹಿಂದಿನ ನವರಾತ್ರಿಯಲ್ಲಿ ಹಾಗೆ ಒಂದು ಕುಟುಂಬ ನಡುರಾತ್ರಿ ಬಂತು. ಜೊತೆಯಲ್ಲಿ ವಯಸ್ಸಾದ ಅಜ್ಜಿ. ಫೋನಿನಲ್ಲಿ ಬುಕಿಂಗ್ ತೋರಿಸಿದರು, ತಾರೀಖು ಮಾತ್ರ ಮುಂದಿನ ತಿಂಗಳದ್ದು. ನಮ್ಮಲ್ಲಿ ಒಂದು ರೂಮೂ ಖಾಲಿ ಇರಲಿಲ್ಲ. ಮೊದಲು ಅಜ್ಜಿಯನ್ನು ಕೂರಿಸಿ ಬಿಸಿನೀರು ಕೊಟ್ಟೆ. ಆಮೇಲೆ ಆ ತಾರೀಖನ್ನು ಅವರೇ ಓದುವಂತೆ ಫೋನ್ ತಿರುಗಿಸಿ ತೋರಿಸಿ, ಇವತ್ತಿಗೆ ರೂಮ್ ಇಲ್ಲ ಎಂದು ಮಲಯಾಳಂನಲ್ಲಿ ನೇರವಾಗಿ ಹೇಳಿದೆ. ತಪ್ಪು ಯಾರದ್ದು ಎಂಬ ಮಾತನ್ನೇ ಎತ್ತಲಿಲ್ಲ. ಅವರು ಸಿಟ್ಟಾದರು, ಆಗಲೇಬೇಕಲ್ವಾ. ನಾನು ಅವರೆದುರಿಗೇ ಪಕ್ಕದ ವಸತಿಗೃಹಗಳಿಗೆ ಒಂದೊಂದಾಗಿ ಫೋನ್ ಮಾಡುತ್ತಾ ಹೋದೆ. ಸುಮ್ನೆ ಮಾತಾಡುತ್ತಿಲ್ಲ, ಕೆಲಸ ನಡೆಯುತ್ತಿದೆ ಎಂದು ಅವರಿಗೂ ಕಾಣಬೇಕಿತ್ತು. ಕೊನೆಗೆ ಒಂದು ಕಡೆ ಸಿಕ್ಕಿತು, ರೂಮ್ ಬಾಯ್ ಲಗೇಜ್ ಹಿಡಿದು ಅಲ್ಲಿವರೆಗೂ ಬಿಟ್ಟು ಬಂದ. ಆ ಮುಂಗಡ ಬುಕಿಂಗನ್ನು ರದ್ದು ಮಾಡುತ್ತಾರೆ ಅಂದುಕೊಂಡಿದ್ದೆ. ಮಾಡಲಿಲ್ಲ, ಮುಂದಿನ ತಿಂಗಳು ಮತ್ತೆ ಬಂದರು.

ಬಿಲ್ಲಿನ ವಿಷಯಕ್ಕೂ ಹೀಗೇ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತಲ್ಲ, ಆಗ ಮೊದಲೇ ಬುಕ್ ಮಾಡಿದ್ದವರ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಎರಡೂ ಲೆಕ್ಕವನ್ನು ಒಂದೇ ಚೀಟಿಯಲ್ಲಿ ಬರೆದು, ಅವರ ಭಾಷೆಯಲ್ಲಿ ಒಂದೊಂದು ಸಾಲನ್ನೂ ಓದಿ ಹೇಳುತ್ತಿದ್ದೆ. ದನಿ ಏರಿಸಿದವರ ಹತ್ತಿರ ನಾನು ದನಿ ಇಳಿಸುತ್ತೇನೆ. ಅವರ ಮಾತು ಮುಗಿಯುವವರೆಗೆ ಕಂಪ್ಯೂಟರ್ ಮುಟ್ಟುವುದಿಲ್ಲ.

ಮಣಿಪಾಲದ ಕೆಲಸ ಕೊಲ್ಲೂರಿನ ಹಾಗಲ್ಲ, ಅದು ನನಗೆ ಗೊತ್ತು. ಕಸ್ತೂರ್ಬಾ ಆಸ್ಪತ್ರೆಗೆ ಬಂದವರ ಮನೆಯವರು ನಿಮ್ಮಲ್ಲಿ ಉಳಿಯುತ್ತಾರೆ. ದಾವಣಗೆರೆ, ಶಿವಮೊಗ್ಗದ ಕಡೆಯವರೂ ಇರುತ್ತಾರೆ, ಕಾಸರಗೋಡು, ಕಣ್ಣೂರಿನವರೂ ಇರುತ್ತಾರೆ. ಎಷ್ಟು ದಿನ ಇರಬೇಕು ಎಂದು ಅವರಿಗೇ ತಿಳಿದಿರುವುದಿಲ್ಲ. ಅಂಥವರಿಗೆ ಚೆಕ್-ಔಟ್ ಹೊತ್ತಿಗೆ ಬಾಗಿಲು ಬಡಿಯುವುದಕ್ಕಿಂತ ಹಿಂದಿನ ಸಂಜೆಯೇ ಮೆಲ್ಲಗೆ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಹೋಟೆಲಿಗೂ ಮರುದಿನದ ರೂಮಿನ ಲೆಕ್ಕ ಸಿಗುತ್ತದೆ. ನನ್ನ ಅಪ್ಪನ ಆಪರೇಷನ್ ಸಮಯದಲ್ಲಿ ನಾವೂ ಲಾಡ್ಜಿನಲ್ಲಿ ಉಳಿದಿದ್ದೆವು. ಆಸ್ಪತ್ರೆಯಿಂದ ಬಂದವರನ್ನು ಎದುರಿಗೆ ಕಂಡ ಕೂಡಲೇ ಬಾಕಿ ಕೇಳಬಾರದು ಎಂಬುದು ಆಗಿನಿಂದ ಮನಸ್ಸಿನಲ್ಲಿ ನಿಂತಿದೆ. ಒಂದು ಲೋಟ ನೀರು ಕೊಟ್ಟು, ಐದು ನಿಮಿಷ ಬಿಟ್ಟು ಕೇಳಿದರೆ ಹಣ ಎಲ್ಲಿಗೂ ಹೋಗುವುದಿಲ್ಲ.

ಅಡ್ಮಿಷನ್ ಸಮಯದಲ್ಲಿ ಉತ್ತರ ಭಾರತದಿಂದ ಬರುವ ತಂದೆ ತಾಯಂದಿರು ಊಟ, ಬಸ್ಸು, ದೇವಸ್ಥಾನ ಎಲ್ಲವನ್ನೂ ರಿಸೆಪ್ಷನ್‌ನಲ್ಲೇ ಕೇಳುತ್ತಾರೆ. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇರುವುದಿಲ್ಲ ಎಂದು ಮೊದಲೇ ಹೇಳಿದರೆ ಅವರ ಒಂದು ದಿನ ಉಳಿಯುತ್ತದೆ. ಕೃಷ್ಣ ಮಠದ ದಾರಿ, ಅಲ್ಲಿ ಪಾಲಿಸಬೇಕಾದ ರೀತಿ, ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯಕ್ಕೆ ಊರು ಹೇಗೆ ತುಂಬುತ್ತದೆ ಎಂಬುದೆಲ್ಲ ಇಲ್ಲಿಯವಳಾಗಿ ನನಗೆ ಗೊತ್ತು.

ಉಳಿದಂತೆ, ರೂಮ್ ಬುಕಿಂಗ್ ಸಾಫ್ಟ್‌ವೇರ್, ಆನ್‌ಲೈನ್ ಬುಕಿಂಗ್, ಯುಪಿಐ ಮತ್ತು ಕಾರ್ಡ್ ಪಾವತಿ, ಗುರುತಿನ ಚೀಟಿ ಪರಿಶೀಲನೆ, ಪಾಳಿ ಬದಲಾಗುವಾಗ ಕ್ಯಾಶ್ ಒಪ್ಪಿಸುವುದು ಎಲ್ಲವನ್ನೂ ಈಗ ಮಾಡುತ್ತಿದ್ದೇನೆ. ವಿದೇಶಿ ಅತಿಥಿಗಳ ಮಾಹಿತಿಯನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಿಯೂ ಅಭ್ಯಾಸವಿದೆ. ಒಬ್ಬಳೇ ಬಂದ ಹೆಣ್ಣುಮಕ್ಕಳ ರೂಮ್ ನಂಬರನ್ನು ಬೇರೆಯವರ ಎದುರು ಜೋರಾಗಿ ಹೇಳುವುದಿಲ್ಲ, ಯಾರಾದರೂ ಬಂದು ಕೇಳಿದರೆ ಮೊದಲು ಅವರಿಗೇ ಇಂಟರ್‌ಕಾಮ್ ಮಾಡುತ್ತೇನೆ.

ರಾತ್ರಿ ಪಾಳಿಗೆ ನನ್ನ ಒಪ್ಪಿಗೆ ಇದೆ. ಮುಗಿದ ಮೇಲೆ ಅಂಬಲಪಾಡಿಗೆ ಹೋಗಲು ನನ್ನದೇ ಸ್ಕೂಟರ್ ಇದೆ. ಈಗಿನ ಕೆಲಸದಲ್ಲಿ ಒಂದು ತಿಂಗಳ ನೋಟಿಸ್ ಕೊಡಬೇಕು. ನೀವು ಈ ತಿಂಗಳೊಳಗೆ ತಿಳಿಸಿದರೆ ಜುಲೈ 1ರಿಂದ ಬರಬಲ್ಲೆ. ಸಂಬಳದ ಬಗ್ಗೆ ಭೇಟಿಯಲ್ಲಿ ಮಾತಾಡೋಣ, ಈಗ ಸಿಗುತ್ತಿರುವುದರ ಚೀಟಿ ತರುತ್ತೇನೆ.

ಸಂದರ್ಶನಕ್ಕೆ ಮಂಗಳವಾರ, ಬುಧವಾರ ಯಾವ ಹೊತ್ತಿಗಾದರೂ ಬರಬಲ್ಲೆ, ಆ ಎರಡು ದಿನ ನನಗೆ ರಜೆ. ನಿಮಗೆ ಒಪ್ಪಿಗೆಯಾದರೆ ಒಂದು ಸಂಜೆ ನಿಮ್ಮ ರಿಸೆಪ್ಷನ್‌ನಲ್ಲೇ ನಿಲ್ಲಿಸಿ, ಅತಿಥಿಗಳ ಜೊತೆ ಹೇಗೆ ಮಾತಾಡುತ್ತೇನೆ ಎಂದು ನೋಡಬಹುದು. ಫೋನ್ ನಂಬರು ಬಯೋಡೇಟಾದಲ್ಲಿದೆ. ಪಾಳಿಯಲ್ಲಿದ್ದರೆ ತಕ್ಷಣ ಎತ್ತಲು ಆಗದಿರಬಹುದು, ಬಿಡುವಾದ ಕೂಡಲೇ ನಾನೇ ವಾಪಸ್ ಮಾಡುತ್ತೇನೆ.

ವಂದನೆಗಳೊಂದಿಗೆ,

ನಿಮ್ಮ ವಿಶ್ವಾಸಿ,
ಸುಮನಾ ಪೂಜಾರಿ

ಲಗತ್ತು: ಬಯೋಡೇಟಾ, ಬಿ.ಕಾಂ. ಅಂಕಪಟ್ಟಿಯ ಪ್ರತಿ, ಈಗಿನ ಮಾಲೀಕರ ಪತ್ರ