ಪೆನ್ ಟೆಸ್ಟ್ ವರದಿ: ನಿರ್ದೇಶಕರಿಗಾಗಿ ಸಾರಾಂಶ ಮತ್ತು ಕಂಡ ದೋಷಗಳು

ಸಾರಾಂಶ

ನಿಮ್ಮ ಅಡಿಕೆ ಬೆಳೆಗಾರರ ಸಂಘದ ವೆಬ್‌ಸೈಟು, ಸದಸ್ಯರ ಮೊಬೈಲ್ ಆ್ಯಪ್, ಬದಿಯಡ್ಕದ ಮುಖ್ಯ ಕಚೇರಿ ಮತ್ತು ಪೆರ್ಲ ಶಾಖೆಯ ನೆಟ್‌ವರ್ಕ್, ಇಷ್ಟನ್ನು 2025ರ ನವೆಂಬರ್ 3ರಿಂದ 14ರವರೆಗೆ ಪರೀಕ್ಷಿಸಿದೆವು. ಕಳ್ಳ ಯಾವ ದಾರಿಯಲ್ಲಿ ಬರಬಹುದೋ ಅದೇ ದಾರಿಯಲ್ಲಿ ಬಂದು ನೋಡುವುದು ಈ ಕೆಲಸ. ನಮ್ಮ ಕೈಯಲ್ಲಿ ನಿಮ್ಮ ಲಿಖಿತ ಒಪ್ಪಿಗೆ ಇತ್ತು, ಅಷ್ಟೇ ವ್ಯತ್ಯಾಸ.

ಮುಖ್ಯ ವಿಷಯ ಮೊದಲೇ ಹೇಳುತ್ತೇವೆ. ಒಬ್ಬ ಬೆಳೆಗಾರನಿಗೆ ಸೇರಬೇಕಾದ ಅಡಿಕೆ ಹಣವನ್ನು ಇನ್ನೊಬ್ಬ ತನ್ನ ಬ್ಯಾಂಕ್ ಖಾತೆಗೆ ತಿರುಗಿಸಿಕೊಳ್ಳುವ ದಾರಿ ನಿಮ್ಮ ವೆಬ್‌ಸೈಟಿನಲ್ಲಿ ತೆರೆದಿತ್ತು. ಅದಕ್ಕೆ ದೊಡ್ಡ ಹ್ಯಾಕರ್ ಬೇಕಿರಲಿಲ್ಲ. ಸಂಘದ ಯಾವ ಸದಸ್ಯನೂ ಮಾಡಬಹುದಿತ್ತು. ನವೆಂಬರ್ 4ರ ಸಂಜೆ ಇದು ಕಂಡ ಕೂಡಲೇ ಕಾರ್ಯದರ್ಶಿಯವರಿಗೆ ಫೋನ್ ಮಾಡಿದೆವು. ಮರುದಿನ ಬೆಳಿಗ್ಗೆಯೇ ನಿಮ್ಮ ಪ್ರೋಗ್ರಾಮರ್ ಖಾತೆ ಬದಲಿಸುವ ಪುಟವನ್ನು ನಿಲ್ಲಿಸಿದರು. ಹಣದ ದಾರಿ ಈಗ ಮುಚ್ಚಿದೆ. ಆದರೆ ಬೇರೆಯವರ ಪಾಸ್‌ಬುಕ್ ನೋಡುವ ದಾರಿ, ಈ ವರದಿ ಬರೆಯುವ ನವೆಂಬರ್ 19ರಂದೂ ತೆರೆದೇ ಇದೆ.

"ಯಾರಾದರೂ ಈಗಾಗಲೇ ಹೀಗೆ ಮಾಡಿದ್ದಾರಾ?" ನೀವು ಮೊದಲು ಕೇಳುವುದು ಇದನ್ನೇ. ನಮಗೆ ಹೇಳಲು ಆಗುವುದಿಲ್ಲ. ಯಾರು ಯಾವಾಗ ಯಾವ ಪುಟ ತೆರೆದರು ಎಂಬ ಲೆಕ್ಕಕ್ಕೆ ಲಾಗ್ ಎನ್ನುತ್ತೇವೆ. ನಿಮ್ಮ ಸರ್ವರ್ ಅದನ್ನು 15 ದಿನ ಮಾತ್ರ ಇಟ್ಟುಕೊಂಡು ಅಳಿಸುತ್ತಿದೆ. ಆ ಲಾಗ್‌ನಲ್ಲಿ ಅನುಮಾನ ಬರುವಂಥದ್ದು ಸಿಗಲಿಲ್ಲ. ಅದರ ಹಿಂದಿನದ್ದು ಗೊತ್ತಾಗುವ ಉಪಾಯ ಕಂಪ್ಯೂಟರಿನಲ್ಲಿಲ್ಲ, ನಿಮ್ಮ ಕಪಾಟಿನಲ್ಲಿದೆ. ಅದನ್ನು 1ನೇ ದೋಷದ ಕೊನೆಗೆ ಬರೆದಿದ್ದೇವೆ.

ಒಟ್ಟು 5 ದೋಷಗಳು. 2 ತಕ್ಷಣ ಸರಿಯಾಗಬೇಕು, 2 ಒಂದು ತಿಂಗಳೊಳಗೆ, ಒಂದು ಅನುಕೂಲ ನೋಡಿ. ಹೆಚ್ಚಿನವಕ್ಕೆ ಹೊಸ ಸಾಮಾನು ಕೊಳ್ಳಬೇಕಾಗಿಲ್ಲ. ಖರ್ಚು ಬರುವುದು ತೂಕದ ಕೋಣೆಯ ಕಂಪ್ಯೂಟರಿಗೆ ಮತ್ತು ಇನ್ನೊಂದು ಬ್ಯಾಕಪ್ ಡಿಸ್ಕಿಗೆ ಮಾತ್ರ.

ಒಳ್ಳೆಯದನ್ನೂ ಹೇಳಬೇಕಲ್ವಾ? ಸಾಫ್ಟ್‌ವೇರ್ ಕಂಪನಿಯವರ ಹಾಗೆ ಮಾತಾಡಿ ಪೆರ್ಲ ಶಾಖೆಗೆ ಫೋನ್ ಮಾಡಿ ಪಾಸ್‌ವರ್ಡ್ ಕೇಳಿದೆವು. "ನಿಮ್ಮ ಹೆಸರು ಹೇಳಿ, ನಾನು ಸೆಕ್ರೆಟರಿಯವರ ಹತ್ತಿರ ಕೇಳಿ ನಾನೇ ಫೋನ್ ಮಾಡ್ತೇನೆ" ಎಂದು ಅಲ್ಲಿನ ಗುಮಾಸ್ತೆ ಇಟ್ಟುಬಿಟ್ಟರು. ಮಲಯಾಳದಲ್ಲಿ ಇನ್ನೊಮ್ಮೆ ಮಾಡಿದಾಗಲೂ ಅದೇ ಉತ್ತರ.

ನೋಡದೆ ಬಿಟ್ಟದ್ದು: ಹಣ ಕಳಿಸುವ ಬ್ಯಾಂಕಿನ ವ್ಯವಸ್ಥೆ (ಅದು ನಿಮ್ಮದಲ್ಲ, ನಿಮ್ಮ ಒಪ್ಪಿಗೆ ಅಲ್ಲಿ ನಡೆಯುವುದಿಲ್ಲ), ಉಪ್ಪಳ ಶಾಖೆ, ಮತ್ತು ವೆಬ್‌ಸೈಟನ್ನು ಬೇಕೆಂದೇ ಕುಸಿಯುವಂತೆ ಮಾಡುವ ಪರೀಕ್ಷೆ.

ಕಂಡ ದೋಷಗಳು

1. ಬೇರೆಯವರ ಪಾಸ್‌ಬುಕ್ ತೆರೆಯುತ್ತದೆ (ತಕ್ಷಣ)

ಸದಸ್ಯರೊಬ್ಬರು ಲಾಗಿನ್ ಆಗಿ ತಮ್ಮ ಪಾಸ್‌ಬುಕ್ ನೋಡುವಾಗ ಬ್ರೌಸರಿನ ಮೇಲ್ಭಾಗದ ವಿಳಾಸದ ಕೊನೆ ಹೀಗಿರುತ್ತದೆ:

```
/passbook?member=1041
```

1041 ಅವರ ಸದಸ್ಯ ಸಂಖ್ಯೆ. ಅದನ್ನು ಅಳಿಸಿ 1042 ಎಂದು ಬರೆದು ಎಂಟರ್ ಒತ್ತಿದರೆ ಮುಂದಿನ ಸದಸ್ಯರ ಪಾಸ್‌ಬುಕ್ ಬರುತ್ತದೆ. ಎಷ್ಟು ಕಿಲೋ ಹಾಕಿದ್ದಾರೆ, ಯಾವ ದರ, ಸಾಲ ಎಷ್ಟು, ಫೋನ್ ನಂಬರ್, ಬ್ಯಾಂಕ್ ಖಾತೆ, ಎಲ್ಲ ಕಾಣುತ್ತದೆ. ಬಾಗಿಲಲ್ಲಿ ಗುರುತು ಕೇಳಿ ಒಳಗೆ ಬಿಡುವ ಕಾವಲುಗಾರ ಇದ್ದಾನೆ. ಒಳಗೆ ಬಂದವನು ಯಾರ ಪೆಟ್ಟಿಗೆ ತೆಗೆಯುತ್ತಾನೆ ಎಂದು ನೋಡುವವರು ಇಲ್ಲ. ವೆಬ್‌ಸೈಟುಗಳಲ್ಲಿ ಇದು ತುಂಬಾ ಸಾಮಾನ್ಯ ತಪ್ಪು, ನಿಮ್ಮಲ್ಲಿ ಮಾತ್ರ ಆದದ್ದಲ್ಲ.

ಬ್ಯಾಂಕ್ ಖಾತೆ ಬದಲಿಸುವ ಪುಟದಲ್ಲೂ ಇದೇ ತಪ್ಪಿತ್ತು. ನೀವು ನಮಗಾಗಿ ಮಾಡಿಕೊಟ್ಟ ಎರಡು ಪರೀಕ್ಷಾ ಸದಸ್ಯತ್ವಗಳಲ್ಲಿ ಒಂದರಿಂದ ಲಾಗಿನ್ ಆಗಿ ಇನ್ನೊಂದರ ಖಾತೆ ಸಂಖ್ಯೆ ಬದಲಿಸಿದೆವು. ಬದಲಾಯಿತು. ಆ ಸದಸ್ಯನಿಗೆ ಒಂದು ಮೆಸೇಜ್ ಕೂಡ ಹೋಗಲಿಲ್ಲ. ಮುಂದಿನ ಪಾವತಿ ಹೊಸ ಖಾತೆಗೇ ಹೋಗುತ್ತಿತ್ತು. ನಿಜವಾದ ಯಾವ ಸದಸ್ಯರ ಪಾಸ್‌ಬುಕ್ಕನ್ನೂ ನಾವು ತೆರೆದಿಲ್ಲ.

ಪ್ರತಿ ಸಲ ಪುಟ ಕೇಳಿದಾಗಲೂ "ಇದು ಲಾಗಿನ್ ಆದವರದ್ದೇ?" ಎಂದು ಸರ್ವರ್ ಪರೀಕ್ಷಿಸಬೇಕು. ಸಂಖ್ಯೆಯನ್ನು ವಿಳಾಸದಲ್ಲಿ ಕಾಣದಂತೆ ಮಾಡಿದರೆ ಸಾಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಖಾತೆ ಬದಲಿಸುವ ಪುಟ ಮತ್ತೆ ತೆರೆಯುವಾಗ, ಹಳೆಯ ಫೋನ್ ನಂಬರಿಗೆ ಮೆಸೇಜ್ ಹೋಗುವಂತೆ ಮಾಡಿ.

ಇನ್ನು ಕಪಾಟಿನ ವಿಷಯ. ಆ್ಯಪ್ ಶುರುವಾದ 2023ರ ಜೂನ್‌ನಿಂದ ಆದ ಖಾತೆ ಬದಲಾವಣೆ 212. ಎಷ್ಟೋ ಸದಸ್ಯರು ಈಗಲೂ ಕಾಗದದ ಅರ್ಜಿಯನ್ನೇ ಕೊಡುತ್ತಾರೆ, ಆ ಫೈಲು ನಿಮ್ಮಲ್ಲಿದೆ. ಎರಡನ್ನೂ ತಾಳೆ ನೋಡಿ. ಅರ್ಜಿ ಇಲ್ಲದೆ ಬದಲಾದ ಪ್ರತಿಯೊಬ್ಬರಿಗೂ ಫೋನ್ ಮಾಡಿ ಕೇಳಿ. ಮನೆಯ ಹಿರಿಯರಿಗೆ ಗೊತ್ತಿಲ್ಲದೆ ಗಲ್ಫ್‌ನಲ್ಲಿರುವ ಮಗ ಬದಲಿಸಿದ್ದೂ ಇರಬಹುದು, ಹಾಗಾಗಿ ಕೂಡಲೇ ಯಾರನ್ನೂ ದೂರಬೇಡಿ. ಒಂದೇ ಒಂದು ನಿಜವಾದ ವಂಚನೆ ಸಿಕ್ಕಿದರೂ, ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು. 2022ರ ಏಪ್ರಿಲ್ 28ರ ನಿರ್ದೇಶನ ಅದು. ಲಾಗ್ 180 ದಿನ ಇಡಬೇಕು ಎಂಬುದೂ ಅದರಲ್ಲೇ ಇದೆ.

2. ಓಟಿಪಿಯನ್ನು ಊಹಿಸಿ ಒಳಗೆ ಬರಬಹುದು (ತಕ್ಷಣ)

ಆ್ಯಪ್‌ನ ಓಟಿಪಿ 4 ಅಂಕೆಯದ್ದು. ಅಂದರೆ 0000ದಿಂದ 9999ರವರೆಗೆ 10,000 ಸಾಧ್ಯತೆ. ಎಷ್ಟು ಸಲ ತಪ್ಪಾದರೂ ಆ್ಯಪ್ ತಡೆಯುವುದಿಲ್ಲ. ನಮ್ಮ ಲ್ಯಾಪ್‌ಟಾಪಿನಿಂದ ಸೆಕೆಂಡಿಗೆ 20ರಂತೆ ಕಳಿಸಿದಾಗ ಎಲ್ಲ ಮುಗಿಯಲು ಎಂಟೂವರೆ ನಿಮಿಷವೂ ಬೇಡ. ಓಟಿಪಿಯ ಆಯುಷ್ಯ 10 ನಿಮಿಷ! ಸದಸ್ಯರ ಫೋನ್ ನಂಬರ್ ಗೊತ್ತಿದ್ದರೆ ಸಾಕು. 6 ಅಂಕೆ ಮಾಡಿ, 5 ಸಲ ತಪ್ಪಿದರೆ ಆ ಓಟಿಪಿ ರದ್ದಾಗಲಿ.

3. ತೂಕದ ಕೋಣೆಯ ಕಂಪ್ಯೂಟರ್ (ಒಂದು ತಿಂಗಳು)

ಇದರಲ್ಲಿರುವುದು ವಿಂಡೋಸ್ 7. ಇದಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನ್ನಾಕ್ರೈ ವೈರಸ್ ಬಳಸಿದ ದೋಷಕ್ಕೆ ಅದೇ ಮಾರ್ಚಿನಲ್ಲಿ ರಿಪೇರಿ ಬಂದಿತ್ತು. ಈ ಕಂಪ್ಯೂಟರಿಗೆ ಅದನ್ನೂ ಹಾಕಿಲ್ಲ. ಇಷ್ಟೇ ಆಗಿದ್ದರೆ ಇದನ್ನು ಕೊನೆಗೆ ಬರೆಯುತ್ತಿದ್ದೆವು. ಅಡಿಕೆ ತಂದವರು ಕಾಯುವ ಜಗಲಿಯ ಗೋಡೆಯಲ್ಲಿ ವೈಫೈ ಪಾಸ್‌ವರ್ಡ್ ಅಂಟಿಸಿದ್ದೀರಿ, ಆ ವೈಫೈಯಿಂದ ಈ ಕಂಪ್ಯೂಟರಿಗೆ ನೇರ ದಾರಿಯಿದೆ. ತೂಕ ನಡೆಯುತ್ತಿದ್ದ ಕಾರಣ ನಾವು ಅದನ್ನು ಮುರಿದು ನೋಡಲಿಲ್ಲ. ವೈಫೈಯನ್ನು ಈ ವಾರವೇ ಬೇರೆ ಮಾಡಿ, ಖರ್ಚಿಲ್ಲ. ಕಂಪ್ಯೂಟರ್ ಒಂದು ತಿಂಗಳೊಳಗೆ ಬದಲಾಗಲಿ.

4. ಬ್ಯಾಕಪ್ ಡಿಸ್ಕ್ ಯಾವಾಗಲೂ ಸಿಕ್ಕಿಸಿಯೇ ಇದೆ (ಒಂದು ತಿಂಗಳು)

ಪ್ರತಿ ರಾತ್ರಿ ಬ್ಯಾಕಪ್ ಆಗುತ್ತಿದೆ, ಸಂತೋಷ. ಆದರೆ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್ ಬಂದರೆ ಸಿಕ್ಕಿಸಿದ ಡಿಸ್ಕಿಗೂ ಬೀಗ ಬೀಳುತ್ತದೆ. ಎರಡು ಡಿಸ್ಕ್ ಇಟ್ಟುಕೊಳ್ಳಿ, ವಾರಕ್ಕೊಮ್ಮೆ ಬದಲಿಸಿ, ಬಿಚ್ಚಿದ್ದು ಸೇಫಿನಲ್ಲಿರಲಿ.

5. ಸಿಸಿಟಿವಿಯ ಪಾಸ್‌ವರ್ಡ್ (ಅನುಕೂಲ ನೋಡಿ)

ರೆಕಾರ್ಡರಿಗೆ ಕಂಪನಿ ಕೊಟ್ಟ ಪಾಸ್‌ವರ್ಡೇ ಇನ್ನೂ ಇದೆ. ಹೊರಗಿನ ಇಂಟರ್‌ನೆಟ್‌ನಿಂದ ಅದು ಸಿಗುವುದಿಲ್ಲ, ಹಾಗಾಗಿ ಕೊನೆಯಲ್ಲಿಟ್ಟೆವು. ಬದಲಿಸಲು 5 ನಿಮಿಷ ಸಾಕು.

1 ಮತ್ತು 2ನೇ ದೋಷ ಸರಿಯಾದ ಮೇಲೆ ಮತ್ತೆ ಪರೀಕ್ಷಿಸಲು ಡಿಸೆಂಬರ್ 8 ಮತ್ತು 9ನ್ನು ಕಾದಿರಿಸಿದ್ದೇವೆ. ಅದಕ್ಕೆ ಬೇರೆ ಶುಲ್ಕವಿಲ್ಲ. ಪ್ರೋಗ್ರಾಮರಿಗೆ ಬೇಕಾದ ವಿವರಗಳು ಪ್ರತ್ಯೇಕ ಫೈಲಿನಲ್ಲಿವೆ. ಅದರ ಪಾಸ್‌ವರ್ಡನ್ನು ಕಾರ್ಯದರ್ಶಿಯವರಿಗೆ ಫೋನಿನಲ್ಲೇ ಹೇಳುತ್ತೇವೆ.